ಸ್ಟೀಲ್ ಟೋಪ್ ಸೆಟ್‌ನ ಲಿಸ್ಟಿಂಗ್: ಶೀರ್ಷಿಕೆಯಲ್ಲಿ ಹುಡುಕಾಟದ ಪದಗಳಿಗೆ ಎಷ್ಟು ಜಾಗ, ವಿವರಕ್ಕೆ ಎಷ್ಟು ಜಾಗ?

ರಾಘವೇಂದ್ರ, ತುಮಕೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಸ್ಟೀಲ್ ಪಾತ್ರೆಗಳ ಅಂಗಡಿ. ಅಂಗಡಿಯ ವ್ಯಾಪಾರದ ಜೊತೆಗೆ ಅಮೆಜಾನ್‌ನಲ್ಲಿಯೂ ಕೆಲವು ಸಾಮಾನುಗಳನ್ನು ಮಾರುತ್ತಿದ್ದೇವೆ. ಅವುಗಳಲ್ಲಿ ಹೆಚ್ಚು ಹೋಗುವುದು ಮುಚ್ಚಳ ಸಹಿತ ಮೂರು ಟೋಪ್‌ಗಳ ಸೆಟ್. ಮಾರಾಟವಾಗುವಷ್ಟೇ ಬೇಗ ವಾಪಸೂ ಬರುತ್ತಿದೆ ಎಂಬುದೇ ನನ್ನ ಚಿಂತೆ. ವಾಪಸಾತಿಗೆ ಗ್ರಾಹಕರು ಕೊಡುವ ಕಾರಣಗಳಲ್ಲಿ ಎರಡು ಮತ್ತೆ ಮತ್ತೆ ಕಾಣಿಸುತ್ತವೆ: ಅಂದುಕೊಂಡದ್ದಕ್ಕಿಂತ ಪಾತ್ರೆ ಚಿಕ್ಕದಾಗಿದೆ ಎಂಬುದು ಒಂದು, ಇಂಡಕ್ಷನ್ ಒಲೆಯ ಮೇಲೆ ಕೆಲಸ ಮಾಡುವುದಿಲ್ಲ ಎಂಬುದು ಇನ್ನೊಂದು. ಲಿಸ್ಟಿಂಗ್ ಅನ್ನು ಹಣ ಕೊಟ್ಟು ಬೇರೆಯವರಿಂದ ಮಾಡಿಸಿದ್ದೆವು. ಈಗಿರುವ ಶೀರ್ಷಿಕೆ ಇದು:

```
Steel Tope Set Patila Bhagona Topia Dekchi Vessel Pot Cookware Utensil Bartan for Kitchen Cooking Milk Tea Rice Steel Tope with Lid Heavy Gauge Best Quality Steel Induction Gas Stove Gift Set of 3
```

ಇದರ ಕೆಳಗೆ ಐದು ಬುಲೆಟ್ ಪಾಯಿಂಟ್‌ಗಳಿವೆ. ಐದೂ ದೊಡ್ಡಕ್ಷರಗಳಲ್ಲಿ ಶುರುವಾಗಿ ಉತ್ತಮ ಗುಣಮಟ್ಟ, ಬಹುಕಾಲ ಬಾಳಿಕೆ, ಆಕರ್ಷಕ ಹೊಳಪು ಎಂದು ಹೇಳುತ್ತವೆಯೇ ಹೊರತು, ಪಾತ್ರೆಯ ಬಾಯಿ ಎಷ್ಟು ಅಗಲ ಎಂಬುದನ್ನು ಒಂದೂ ಹೇಳುವುದಿಲ್ಲ. ಶೀರ್ಷಿಕೆಯನ್ನು ಚಿಕ್ಕದು ಮಾಡಬೇಕೆಂದು ಮನಸ್ಸಿದೆ. ಆದರೆ ಉತ್ತರ ಭಾರತದ ಗ್ರಾಹಕರು ಭಗೋನಾ ಎಂದೂ ಮಹಾರಾಷ್ಟ್ರದವರು ಪಾತೇಲಿ ಎಂದೂ ಹುಡುಕುವಾಗ, ಆ ಹೆಸರುಗಳನ್ನು ತೆಗೆದರೆ ನಮ್ಮ ಸೆಟ್ ಅವರ ಕಣ್ಣಿಗೆ ಬೀಳದೇ ಹೋದೀತೆಂಬ ಭಯವೂ ಇದೆ. ಅನುಭವವಿರುವವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ಜಗದೀಶ್, ಬಳ್ಳಾರಿ

ರಾಘವೇಂದ್ರ ಅವರೇ, ಒಂದು ಪದವನ್ನೂ ತೆಗೆಯಬೇಡಿ ಎಂಬುದು ನನ್ನ ಸಲಹೆ. ಹುಡುಕಾಟದಲ್ಲಿ ಎಲ್ಲಕ್ಕಿಂತ ಹೆಚ್ಚಿನ ತೂಕ ಶೀರ್ಷಿಕೆಗೇ ಇರುತ್ತದೆ. ಅಲ್ಲಿ ಇಲ್ಲದ ಪದಕ್ಕೆ ನಿಮ್ಮ ಸಾಮಾನು ಮೊದಲ ಪುಟದಲ್ಲಿ ಕಾಣಿಸುವುದು ಕಷ್ಟ. 200 ಅಕ್ಷರಗಳ ಮಿತಿಯಿದೆ, ನಿಮ್ಮದು ಅದರೊಳಗೇ ಇದೆ. ಸಾಧ್ಯವಾದರೆ 304 ಎಂಬುದನ್ನೂ ಸೇರಿಸಿ, ಏಕೆಂದರೆ ಈಗ ಬಹಳ ಜನ ಆ ಸಂಖ್ಯೆಯನ್ನು ಹಾಕಿಯೇ ಹುಡುಕುತ್ತಾರೆ. ನಿಮ್ಮ ಪಾತ್ರೆ 304 ಹೌದೋ ಅಲ್ಲವೋ ಎಂದು ತಿಳಿಯಲು ಒಂದು ಅಯಸ್ಕಾಂತ ಸಾಕು. ಅಂಟದಿದ್ದರೆ ಅದು 304.

ವಸುಧಾ, ಪುಣೆ

ನಾನು ಅಡುಗೆಮನೆಯ ಸಾಮಾನುಗಳನ್ನು ಮಾರುವ ಕೆಲವರಿಗೆ ಲಿಸ್ಟಿಂಗ್ ಬರೆದುಕೊಡುವ ಕೆಲಸ ಮಾಡುತ್ತೇನೆ. ಜಗದೀಶ್ ಅವರು ಹೇಳಿದ 200 ಅಕ್ಷರಗಳ ಮಿತಿ ಸರಿಯಾಗಿದೆ. ರಾಘವೇಂದ್ರ ಅವರ ಶೀರ್ಷಿಕೆ ಖಾಲಿ ಜಾಗಗಳನ್ನೂ ಸೇರಿಸಿ 196 ಅಕ್ಷರ ಇದೆ. ಆದರೆ 2025ರ ಜನವರಿ 21ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಒಂದೇ ಪದ ಶೀರ್ಷಿಕೆಯಲ್ಲಿ ಎರಡಕ್ಕಿಂತ ಹೆಚ್ಚು ಸಲ ಬರುವಂತಿಲ್ಲ, ಇಲ್ಲಿ ಸ್ಟೀಲ್ ಮೂರು ಸಲ ಬಂದಿದೆ. ಹೀಗಿರುವುದನ್ನು ಅಮೆಜಾನ್‌ನವರು ತಾವೇ ತಿದ್ದಿಬಿಡುವ ಸಾಧ್ಯತೆಯಿದೆ, ಆಗ ಯಾವ ಪದ ಉಳಿಯುತ್ತದೆ ಎಂಬುದು ನಿಮ್ಮ ಕೈಯಲ್ಲಿ ಇರುವುದಿಲ್ಲ.

ಅದಕ್ಕಿಂತ ಮುಖ್ಯವಾದ ತೊಂದರೆ ಬೇರೆ ಇದೆ. ಮೊಬೈಲ್‌ನಲ್ಲಿ ಹುಡುಕಿದಾಗ ಫಲಿತಾಂಶದ ಪಟ್ಟಿಯಲ್ಲಿ ಶೀರ್ಷಿಕೆಯ ಮೊದಲ 70ರಿಂದ 80 ಅಕ್ಷರಗಳಷ್ಟೇ ಕಾಣಿಸುತ್ತವೆ. ನಿಮ್ಮ ಶೀರ್ಷಿಕೆಯನ್ನು ಅಲ್ಲಿಗೆ ಕತ್ತರಿಸಿ ನೋಡಿ. ಒಂದೇ ಪಾತ್ರೆಯ ಹತ್ತು ಹೆಸರುಗಳಲ್ಲದೆ ಬೇರೇನೂ ಗ್ರಾಹಕರಿಗೆ ಸಿಗುವುದಿಲ್ಲ. ಎಷ್ಟು ಪಾತ್ರೆಗಳು, ಮುಚ್ಚಳ ಇದೆಯೋ ಇಲ್ಲವೋ ಎಂಬ ಸಂಗತಿಗಳೆಲ್ಲ ಕತ್ತರಿಸಿಹೋದ ಭಾಗದಲ್ಲಿವೆ, ಅಳತೆಯಂತೂ ಎಲ್ಲಿಯೂ ಇಲ್ಲ. ಅಳತೆ ತಿಳಿಯದ ಗ್ರಾಹಕರು ಚಿತ್ರ ನೋಡಿ ತಮ್ಮ ಮನೆಯ ದೊಡ್ಡ ಪಾತ್ರೆಯನ್ನು ಕಲ್ಪಿಸಿಕೊಳ್ಳುತ್ತಾರೆ. ಅಂದುಕೊಂಡದ್ದಕ್ಕಿಂತ ಚಿಕ್ಕದು ಎಂಬ ದೂರು ಹುಟ್ಟುವುದು ಅಲ್ಲಿಯೇ.

ಹಾಗೆಂದು ಭಗೋನಾ, ಟೋಪಿಯಾ, ಡೇಕ್ಚಿ ಎಂಬ ಹೆಸರುಗಳನ್ನು ಬಿಟ್ಟುಬಿಡಬೇಕಾಗಿಲ್ಲ. ಗ್ರಾಹಕರಿಗೆ ಕಾಣಿಸದ, ಹುಡುಕಾಟಕ್ಕೆ ಮಾತ್ರ ಬಳಕೆಯಾಗುವ ಸರ್ಚ್ ಟರ್ಮ್ಸ್ ಎಂಬ ಅಂಕಣ ಸೆಲ್ಲರ್ ಸೆಂಟ್ರಲ್‌ನಲ್ಲಿದೆ. ಪರ್ಯಾಯ ಹೆಸರುಗಳಿಗೆ ಅದೇ ತಕ್ಕ ಜಾಗ. ಭಾರತದ ಮಾರುಕಟ್ಟೆಗೆ ಅದರ ಮಿತಿ 200 ಬೈಟ್. ಅದನ್ನು ಮೀರಿದರೆ ಹೆಚ್ಚಾದ ಭಾಗವಷ್ಟೇ ಅಲ್ಲ, ಇಡೀ ಅಂಕಣವೇ ಲೆಕ್ಕಕ್ಕೆ ಬಾರದೇ ಹೋಗಬಹುದು. ಶೀರ್ಷಿಕೆಯಲ್ಲಿ ಈಗಾಗಲೇ ಇರುವ ಪದವನ್ನು ಅಲ್ಲಿ ಮತ್ತೆ ಬರೆಯುವ ಅಗತ್ಯವಿಲ್ಲ. ಅಲ್ಪವಿರಾಮವೂ ಬೇಡ, ಪದಗಳ ನಡುವೆ ಒಂದು ಖಾಲಿ ಜಾಗ ಬಿಟ್ಟರೆ ಸಾಕು.

ಹೊಸ ಶೀರ್ಷಿಕೆ ಬರೆಯುವ ಮೊದಲು ರಾಘವೇಂದ್ರ ಅವರಿಂದ ಕೆಲವು ವಿವರಗಳು ಬೇಕು: ಪ್ರತಿ ಪಾತ್ರೆಯ ಬಾಯಿಯ ಅಗಲ, ಎತ್ತರ, ಅಂಚಿನವರೆಗೆ ಹಿಡಿಯುವ ನೀರಿನ ಪ್ರಮಾಣ, ಮುಚ್ಚಳವಿಲ್ಲದ ತೂಕ. ತಯಾರಕರ ಪಟ್ಟಿಯಲ್ಲಿರುವುದು ಬೇಡ, ನೀವೇ ಅಳೆದದ್ದು ಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಖಾಲಿ ಪಾತ್ರೆಯಿಟ್ಟು ಸೊನ್ನೆಗೆ ತಂದು, ಅಂಚಿನವರೆಗೆ ನೀರು ತುಂಬಿದರೆ ಎಷ್ಟು ಗ್ರಾಂ ಬರುತ್ತದೆಯೋ ಅಷ್ಟೇ ಮಿಲಿಲೀಟರ್ ಎಂದು ಹಿಡಿಯಬಹುದು.

ಶೈಲಜಾ, ಹುಬ್ಬಳ್ಳಿ

ನಾನು ಮಾರುವುದು ಟೋಪ್ ಅಲ್ಲ, ಮೂರು ಡಬ್ಬಿಯ ಊಟದ ಕ್ಯಾರಿಯರ್. ಆದರೆ ಪದಗಳ ಆಸೆಯಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮ ಲಿಸ್ಟಿಂಗ್ ಕೂಡ ಒಂದು ಉದಾಹರಣೆ. ಕ್ಯಾರಿಯರ್ ಹುಡುಕುವವರು ಸೋರದ ಡಬ್ಬಿ ಎಂಬ ಅರ್ಥದ ಇಂಗ್ಲಿಷ್ ಪದವನ್ನು ಹೆಚ್ಚಾಗಿ ಬಳಸುತ್ತಾರೆ ಎಂದು ಅದನ್ನು ಶೀರ್ಷಿಕೆಯಲ್ಲಿ ಹಾಕಿದ್ದೆವು. ನಮ್ಮ ಡಬ್ಬಿಗಳಿಗೆ ರಬ್ಬರ್ ರಿಂಗ್ ಇಲ್ಲ, ಒಂದರ ಮೇಲೊಂದು ಕೂರಿಸಿ ಪಕ್ಕದ ಕ್ಲಿಪ್ ಹಾಕುವ ಹಳೆಯ ಮಾದರಿ. ಅನ್ನ, ಪಲ್ಯ, ರೊಟ್ಟಿಗೆ ಯಾವ ತೊಂದರೆಯೂ ಇಲ್ಲ, ಆದರೆ ತಿಳಿಸಾರು ಹಾಕಿ ಚೀಲದಲ್ಲಿ ಅಡ್ಡ ಮಲಗಿಸಿದರೆ ಸೋರಿಯೇ ಸೋರುತ್ತದೆ. ಚೀಲ, ಪುಸ್ತಕ ಹಾಳಾದವರು ಬರೆದ ವಿಮರ್ಶೆಗಳು ಇಂದಿಗೂ ಪುಟದಲ್ಲಿವೆ.

ಆ ಪದವನ್ನು ತೆಗೆದು, ಮೊದಲ ಬುಲೆಟ್‌ನಲ್ಲಿಯೇ ಇದು ಅನ್ನ, ಪಲ್ಯ, ಚಪಾತಿಗೆ ತಕ್ಕ ಕ್ಯಾರಿಯರ್, ಸಾರನ್ನು ನೇರವಾಗಿ ಹಿಡಿದು ಒಯ್ಯಬೇಕು ಎಂದು ಬರೆದೆವು. ಪುಟಕ್ಕೆ ಬರುವವರ ಸಂಖ್ಯೆ ಸ್ವಲ್ಪ ಇಳಿಯಿತು, ವಾಪಸಾತಿ ಅದಕ್ಕಿಂತ ಹೆಚ್ಚು ಇಳಿಯಿತು. ಪ್ರತಿ ವಾಪಸಾತಿಗೆ ಎರಡು ಕಡೆಯ ಸಾಗಣೆ ವೆಚ್ಚವೂ ತಗ್ಗುಬಿದ್ದ ಡಬ್ಬಿಯ ನಷ್ಟವೂ ನಮ್ಮ ತಲೆಯ ಮೇಲೇ ಬೀಳುವುದರಿಂದ ನಮಗೆ ಇದು ಲಾಭವೇ ಆಯಿತು.

ಇಮ್ತಿಯಾಜ್, ಬೆಂಗಳೂರು

ನಾನು ಸ್ಟೀಲ್ ಶೀಟ್ ಮತ್ತು ಪಾತ್ರೆಗಳ ವ್ಯಾಪಾರದಲ್ಲಿ ಬಹಳ ಕಾಲದಿಂದ ಇದ್ದೇನೆ. ಜಗದೀಶ್ ಅವರು ಹೇಳಿದ ಅಯಸ್ಕಾಂತದ ಪರೀಕ್ಷೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಇದನ್ನು ನಂಬಿ ಶೀರ್ಷಿಕೆಯಲ್ಲಿ 304 ಎಂದು ಬರೆದವರನ್ನು ಬಹಳ ನೋಡಿದ್ದೇನೆ.

304ರಲ್ಲಿ ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕಲ್ ಇರುತ್ತದೆ. ನಿಕಲ್ ದುಬಾರಿಯಾದ್ದರಿಂದ ಅದನ್ನು ಕಡಿಮೆ ಮಾಡಿ ಮ್ಯಾಂಗನೀಸ್ ಹೆಚ್ಚಿಸಿದ 200 ಸರಣಿಯ ಸ್ಟೀಲ್ ನಮ್ಮ ಪಾತ್ರೆ ಮಾರುಕಟ್ಟೆಯಲ್ಲಿ ಧಾರಾಳವಾಗಿ ಬಳಕೆಯಲ್ಲಿದೆ. 202 ಎಂಬುದು ಆ ಸರಣಿಗೇ ಸೇರಿದ್ದು. ಅಯಸ್ಕಾಂತ ಅದಕ್ಕೂ ಅಂಟುವುದಿಲ್ಲ. ಹಾಗಾಗಿ ಅಂಟಲಿಲ್ಲ ಎಂದ ಮಾತ್ರಕ್ಕೆ 304 ಎಂದು ಹೇಳಲು ಬರುವುದಿಲ್ಲ. ಇನ್ನೊಂದು ಕಡೆ, ಅಸಲಿ 304 ಶೀಟನ್ನು ಅಚ್ಚಿನಲ್ಲಿ ಎಳೆದು ಪಾತ್ರೆ ಮಾಡಿದಾಗ ತಳದ ಮೂಲೆಯಲ್ಲಿ, ಅಂಚಿನಲ್ಲಿ ಅಯಸ್ಕಾಂತ ಸ್ವಲ್ಪ ಎಳೆಯುವುದೂ ಉಂಟು. ಅಯಸ್ಕಾಂತದಿಂದ ಚೆನ್ನಾಗಿ ಗೊತ್ತಾಗುವುದು ನಿಕಲ್ ಇಲ್ಲದ 430 ಮಾತ್ರ, ಅದು ಗಟ್ಟಿಯಾಗಿ ಅಂಟುತ್ತದೆ. 200 ಸರಣಿಯನ್ನು ಬೇರ್ಪಡಿಸಲು ಗುಜರಿ ವ್ಯಾಪಾರದಲ್ಲಿ ಮ್ಯಾಂಗನೀಸ್ ಪರೀಕ್ಷೆಯ ದ್ರಾವಣವನ್ನು ಒಂದು ಹನಿ ಬಿಟ್ಟು, ಸಣ್ಣ ಬ್ಯಾಟರಿಯ ತಂತಿ ತಾಗಿಸಿ, ಬಣ್ಣ ಕೆಂಪಾಗುತ್ತದೆಯೇ ಎಂದು ನೋಡುತ್ತಾರೆ. ಆದರೆ ಲಿಸ್ಟಿಂಗ್‌ನಲ್ಲಿ ಬರೆಯಲು ಅದೂ ಸಾಲದು. ತಯಾರಕರಿಂದ ಆ ಮಾಲಿನ ಪರೀಕ್ಷಾ ಪತ್ರ ಕೈಯಲ್ಲಿರಬೇಕು.

ಇಂಡಕ್ಷನ್ ವಿಷಯಕ್ಕೂ ಉತ್ತರ ಇದರಲ್ಲಿಯೇ ಇದೆ. ಇಂಡಕ್ಷನ್ ಒಲೆ ಬಿಸಿ ಮಾಡುವುದು ಅಯಸ್ಕಾಂತ ಹಿಡಿಯುವ ಲೋಹವನ್ನು. ಒಂದೇ ಪದರದ 304 ಅಥವಾ 202 ಟೋಪ್ ಅದರ ಮೇಲೆ ಕೆಲಸ ಮಾಡುವುದಿಲ್ಲ. ಇಂಡಕ್ಷನ್‌ಗೆ ಒಗ್ಗುವ ಪಾತ್ರೆಗಳಲ್ಲಿ ತಳಕ್ಕೆ ಅಲ್ಯೂಮಿನಿಯಂ ಪದರವಿಟ್ಟು, ಹೊರಗೆ 430 ತಟ್ಟೆಯನ್ನು ಒತ್ತಿರುತ್ತಾರೆ, ಅಥವಾ ಇಡೀ ಪಾತ್ರೆಯೇ ಮೂರು ಪದರದ್ದಾಗಿರುತ್ತದೆ. ರಾಘವೇಂದ್ರ ಅವರೇ, ನಿಮ್ಮ ಟೋಪ್‌ನ ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ. ಗಟ್ಟಿಯಾಗಿ ಅಂಟದಿದ್ದರೆ ಇಂಡಕ್ಷನ್ ಎಂಬ ಪದ ಶೀರ್ಷಿಕೆಯಲ್ಲಿ ಇರಲೇಬಾರದು.

ಹೆವಿ ಗೇಜ್ ಎಂಬ ಮಾತೂ ಗ್ರಾಹಕರಿಗೆ ಏನನ್ನೂ ತಿಳಿಸುವುದಿಲ್ಲ. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ಶೀಟ್ ತೆಳುವಾಗುತ್ತದೆ: 22 ಗೇಜ್ ಎಂದರೆ ಸುಮಾರು 0.7 ಮಿ.ಮೀ., 24 ಗೇಜ್ ಎಂದರೆ ಸುಮಾರು 0.56 ಮಿ.ಮೀ. ನಮಗೆ ಇದು ದಿನನಿತ್ಯದ ಮಾತು, ಆದರೆ ಮನೆಯವರು 24 ಅನ್ನೇ ದಪ್ಪ ಎಂದುಕೊಳ್ಳುವುದು ಸಹಜ. ಜೊತೆಗೆ ಆ ಸಂಖ್ಯೆ ಪಾತ್ರೆಯಾಗುವುದಕ್ಕೆ ಮುಂಚಿನ ಶೀಟ್‌ನದ್ದು. ಎಳೆದ ಮೇಲೆ ಗೋಡೆಯ ದಪ್ಪ ಎಲ್ಲ ಕಡೆಯೂ ಒಂದೇ ಸಮ ಉಳಿಯುವುದಿಲ್ಲ. 16 ಸೆಂ.ಮೀ. ಅಗಲ, 8 ಸೆಂ.ಮೀ. ಎತ್ತರದ ಟೋಪ್ 22 ಗೇಜ್ ಶೀಟ್‌ನಲ್ಲಿ ಮುಚ್ಚಳವಿಲ್ಲದೆ 330 ಗ್ರಾಂ ಆಸುಪಾಸು ಬರಬೇಕು, 24ರಲ್ಲಿ 270 ಗ್ರಾಂ ಆಸುಪಾಸು. ಅಂಗಡಿಯಲ್ಲಿ ನಾವು ಪಾತ್ರೆಯನ್ನು ಕೈಯಲ್ಲಿ ತೂಗಿ ನೋಡಿಯೇ ಕೊಳ್ಳುವುದಲ್ಲವೇ? ಆನ್‌ಲೈನ್ ಗ್ರಾಹಕರಿಗೆ ಆ ಅವಕಾಶವನ್ನು ಕೊಡುವುದು ಗ್ರಾಂನಲ್ಲಿ ಬರೆದ ತೂಕ ಮಾತ್ರ.

ರಾಘವೇಂದ್ರ, ತುಮಕೂರು

ವಸುಧಾ ಮೇಡಂ ಹೇಳಿದಂತೆ ತಕ್ಕಡಿಯ ಮೇಲಿಟ್ಟು ಅಳೆದೆ. ಹೊರ ಅಂಚಿನಿಂದ ಅಂಚಿಗೆ ಮೂರೂ ಪಾತ್ರೆಗಳ ಅಗಲ 14, 16, 18 ಸೆಂ.ಮೀ. ಇದೆ. ಎತ್ತರ 7, 8, 8.5 ಸೆಂ.ಮೀ. ಅಂಚಿನವರೆಗೆ ತುಂಬಿದಾಗ ಹಿಡಿದ ನೀರು ಸುಮಾರು 950 ಮಿ.ಲೀ., 1.4 ಲೀಟರ್, 1.9 ಲೀಟರ್. ಸಗಟು ಪಟ್ಟಿಯಲ್ಲಿ ಇವು 1, 1.5 ಮತ್ತು 2 ಲೀಟರ್ ಎಂದು ಇವೆ. ನಡುವಿನ ಪಾತ್ರೆಯ ತೂಕ 280 ಗ್ರಾಂ. ಇಮ್ತಿಯಾಜ್ ಸಾಹೇಬರ ಲೆಕ್ಕದಲ್ಲಿ ಇದು 24 ಗೇಜ್ ಕಡೆಗೇ ಬರುತ್ತದೆ, ಹೆವಿ ಎನ್ನಲು ಬರುವುದಿಲ್ಲ. ತಳಕ್ಕೆ ಅಯಸ್ಕಾಂತ ಅಂಟಲಿಲ್ಲ. ಬಿಲ್‌ನಲ್ಲಿ ಎಸ್.ಎಸ್. ಎಂದಷ್ಟೇ ಬರೆದಿದ್ದಾರೆ, ಯಾವ ದರ್ಜೆ ಎಂಬುದಿಲ್ಲ.

ಜಗದೀಶ್, ಬಳ್ಳಾರಿ

ಅಯಸ್ಕಾಂತದ ವಿಷಯದಲ್ಲಿ ಇಮ್ತಿಯಾಜ್ ಅವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಲೀಟರ್ ವಿಷಯದಲ್ಲಿ ಒಂದು ಪ್ರಶ್ನೆಯಿದೆ. ಗ್ರಾಹಕರು ಹುಡುಕುವುದು 2 ಲೀಟರ್ ಟೋಪ್ ಎಂದು. 1.9 ಲೀಟರ್ ಎಂದು ಯಾರೂ ಟೈಪ್ ಮಾಡುವುದಿಲ್ಲ. ಪಕ್ಕದಲ್ಲಿ ಅದೇ ಅಚ್ಚಿನ ಪಾತ್ರೆಯನ್ನು ಬೇರೆಯವರು 2 ಲೀಟರ್ ಎಂದು ಬರೆದು ಮಾರುತ್ತಿರುವಾಗ ನಾವು 1.9 ಎಂದು ಬರೆದರೆ ನಮ್ಮದೇ ಚಿಕ್ಕದು ಎಂದು ಕಾಣಿಸುವುದಿಲ್ಲವೇ?

ವಸುಧಾ, ಪುಣೆ

ಜಗದೀಶ್ ಅವರೇ, ನಿಮ್ಮ ಆತಂಕ ನಿಜವಾದದ್ದು, ಅದಕ್ಕೆ ಸುಲಭದ ಪರಿಹಾರ ನನ್ನ ಬಳಿಯೂ ಇಲ್ಲ. ಆದರೂ 1.9 ಎಂದೇ ಬರೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ವಾಪಸ್ ಬರುತ್ತಿರುವ ಕಾರಣವೇ ಗಾತ್ರ ಆಗಿರುವಾಗ, ಗಾತ್ರವನ್ನು ಹಿಗ್ಗಿಸಿ ಬರೆದು ಅದನ್ನು ನಿಲ್ಲಿಸಲಾಗದು. ಕಾನೂನಿನ ಕಡೆಯಿಂದ ನೋಡಿದರೂ, ಪೊಟ್ಟಣ ಸಾಮಗ್ರಿಗಳ 2011ರ ಕಾನೂನು ಮಾಪನ ನಿಯಮಗಳ ಪ್ರಕಾರ ಪ್ರಮಾಣ, ಗರಿಷ್ಠ ಮಾರಾಟ ಬೆಲೆ, ತಯಾರಕರ ಹೆಸರು ಮೊದಲಾದವುಗಳನ್ನು ಮಾರಾಟದ ಪುಟದಲ್ಲಿ ತೋರಿಸುವುದು ಕಡ್ಡಾಯ. ಅಲ್ಲಿ ಒಂದು ಅಂಕಿ, ಶೀರ್ಷಿಕೆಯಲ್ಲಿ ಇನ್ನೊಂದು ಅಂಕಿ ಇದ್ದರೆ ಗ್ರಾಹಕರ ದೂರಿಗೆ ನಾವೇ ಆಧಾರ ಒದಗಿಸಿದಂತಾಗುತ್ತದೆ. 2 ಲೀಟರ್ ಹುಡುಕುವವರು ಬೇಕೇ ಬೇಕೆಂದರೆ, ಒಂದು ನಂಬರ್ ದೊಡ್ಡ ಟೋಪ್ ತರಿಸಿ ಸೆಟ್‌ನಲ್ಲಿ ಸೇರಿಸುವುದು ಪ್ರಾಮಾಣಿಕವಾದ ದಾರಿ.

ನಾನು ಸೂಚಿಸುವ ಶೀರ್ಷಿಕೆ ಇದು. ಮೊದಲಿಗೆ ನಿಮ್ಮ ಬ್ರ್ಯಾಂಡ್ ಹೆಸರು ಸೇರಿಸಿಕೊಳ್ಳಿ:

```
Stainless Steel Tope with Lid, Set of 3, 950 ml, 1.4 L, 1.9 L, Patila for Milk, Rice and Sambar, Gas Stove
```

ಇದು 106 ಅಕ್ಷರ. ವಸ್ತು ಯಾವುದು, ಮುಚ್ಚಳ ಇದೆ, ಮೂರು ಪಾತ್ರೆ, ಮೂರರ ಅಳತೆ, ಇಷ್ಟೂ ಮೊದಲ 61 ಅಕ್ಷರಗಳಲ್ಲಿ ಮುಗಿಯುವುದರಿಂದ, ಮೊದಲಲ್ಲಿ ಚಿಕ್ಕ ಬ್ರ್ಯಾಂಡ್ ಹೆಸರು ಬಂದರೂ ಮೊಬೈಲ್‌ನಲ್ಲಿ ಅಳತೆ ಕತ್ತರಿಸಿಹೋಗುವುದಿಲ್ಲ. ಟೋಪ್ ಮತ್ತು ಪತೀಲಾ ಎಂಬ ಎರಡು ಹೆಸರುಗಳನ್ನು ಮಾತ್ರ ಶೀರ್ಷಿಕೆಯಲ್ಲಿ ಉಳಿಸಿದ್ದೇನೆ. ಪಶ್ಚಿಮ ಮತ್ತು ದಕ್ಷಿಣದ ಗ್ರಾಹಕರಿಗೆ ಒಂದು, ಉತ್ತರದವರಿಗೆ ಒಂದು. ಉಳಿದ ಹೆಸರುಗಳು ಕಾಣದ ಅಂಕಣಕ್ಕೆ ಹೋಗುತ್ತವೆ:

```
bhagona bhagouna pateela topia tapeli dekchi dabari tappale pathiram vessel pot bartan utensil doodh chawal boiling kitchen
```

ಇದು 123 ಬೈಟ್, ಇನ್ನೂ 77 ಬೈಟ್ ಜಾಗ ಉಳಿದಿದೆ. ಅತ್ಯುತ್ತಮ, ಅಗ್ಗ ಎಂಬಂಥ ಪದಗಳನ್ನೂ ಬೇರೆ ಬ್ರ್ಯಾಂಡ್‌ಗಳ ಹೆಸರನ್ನೂ ಇಲ್ಲಿ ಹಾಕುವಂತಿಲ್ಲ.

ಬುಲೆಟ್‌ಗಳ ವಿಷಯದಲ್ಲಿ ನಾನು ಅನುಸರಿಸುವ ಕ್ರಮವೆಂದರೆ, ವಾಪಸಾತಿಯ ಕಾರಣಗಳನ್ನು ಮುಂದಿಟ್ಟುಕೊಂಡು ಒಂದೊಂದಕ್ಕೂ ಕೊಳ್ಳುವ ಮುನ್ನವೇ ಉತ್ತರ ಸಿಗುವಂತೆ ಬರೆಯುವುದು. ಅಮೆಜಾನ್‌ನ ಸೂಚನೆಯ ಪ್ರಕಾರ ಒಂದೊಂದು ಬುಲೆಟ್ 255 ಅಕ್ಷರ ಮೀರಬಾರದು. ಟಿಕ್ ಗುರುತು, ಎಮೋಜಿ, ಹಣ ವಾಪಸಿನ ಭರವಸೆ ಯಾವುದೂ ಇರಬಾರದು. ಇಂಗ್ಲಿಷಿನಲ್ಲಿ ಬರೆಯುವಾಗ ಈ ಅರ್ಥ ಬರಲಿ. ಮೊದಲನೆಯದು ಪೆಟ್ಟಿಗೆಯಲ್ಲಿ ಏನಿದೆ ಎಂಬುದು: ಮೂರು ಟೋಪ್, ಮೂರು ಮುಚ್ಚಳ, ಬಾಯಿಯ ಅಗಲ 14, 16, 18 ಸೆಂ.ಮೀ., ಎತ್ತರ 7, 8, 8.5 ಸೆಂ.ಮೀ. ಎರಡನೆಯದು ನಾನು ಅತ್ಯಂತ ಮುಖ್ಯವೆಂದು ಭಾವಿಸುವ ಬುಲೆಟ್. ಅಂಚಿನವರೆಗಿನ ಪ್ರಮಾಣ ಹೇಳಿದರೆ ಸಾಲದು, ಏಕೆಂದರೆ ಅಂಚಿನವರೆಗೆ ಹಾಲು ತುಂಬಿ ಯಾರೂ ಕಾಯಿಸುವುದಿಲ್ಲ. ಉಕ್ಕಲು ಮೂರನೆಯ ಒಂದು ಭಾಗ ಬಿಟ್ಟರೆ ಚಿಕ್ಕ ಟೋಪ್‌ನಲ್ಲಿ ಸುಮಾರು 600 ಮಿ.ಲೀ., ನಡುವಿನದರಲ್ಲಿ ಸುಮಾರು 900 ಮಿ.ಲೀ., ದೊಡ್ಡದರಲ್ಲಿ ಸುಮಾರು 1.25 ಲೀಟರ್ ಹಾಲು ಕಾಯಿಸಬಹುದು. ಹಾಗಾಗಿ ಅರ್ಧ ಲೀಟರ್ ಹಾಲಿಗೆ ಚಿಕ್ಕದು, ಒಂದು ಲೀಟರ್ ಹಾಲಿಗೆ ದೊಡ್ಡದು ಎಂದು ಬರೆಯಿರಿ. ಮನೆಯವರು ಪಾತ್ರೆಯನ್ನು ಯೋಚಿಸುವುದೇ ಹಾಲಿನ ಪ್ಯಾಕೆಟ್ ಲೆಕ್ಕದಲ್ಲಿ.

ಮೂರನೆಯದರಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಎಂದಷ್ಟೇ ಹೇಳಿ ಪ್ರತಿ ಪಾತ್ರೆಯ ತೂಕ ಕೊಡಿ. ನಾಲ್ಕನೆಯದರಲ್ಲಿ ಗ್ಯಾಸ್ ಒಲೆಗೆ ಮಾತ್ರ, ಇಂಡಕ್ಷನ್‌ಗೆ ಆಗುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಬರೆಯಿರಿ. ಐದನೆಯದು ಬಳಕೆಯ ಬಗ್ಗೆ ಇರಲಿ. ಆ ಮಾತನ್ನು ಇಮ್ತಿಯಾಜ್ ಅವರು ನನಗಿಂತ ಚೆನ್ನಾಗಿ ಹೇಳಬಲ್ಲರು.

ಒಂದು ವಿಷಯವನ್ನು ಮರೆಯಬೇಡಿ. ಶೀರ್ಷಿಕೆಯಿಂದ ಇಂಡಕ್ಷನ್ ತೆಗೆದರೂ, ಲಿಸ್ಟಿಂಗ್‌ನ ಒಳಗೆ ಇಂಡಕ್ಷನ್‌ಗೆ ಹೊಂದುತ್ತದೆಯೇ ಎಂದು ಕೇಳುವ ಕಡೆ ಹೌದು ಎಂದು ತುಂಬಿದ್ದರೆ, ಫಿಲ್ಟರ್ ಹಾಕಿ ಹುಡುಕುವವರಿಗೆ ನಿಮ್ಮ ಸೆಟ್ ಕಾಣಿಸುತ್ತಲೇ ಇರುತ್ತದೆ. ಶೀರ್ಷಿಕೆ ಸರಿಯಾದರೂ ಇಂಡಕ್ಷನ್ ವಾಪಸಾತಿ ನಿಲ್ಲಲಿಲ್ಲ ಎಂದು ನನ್ನ ಬಳಿ ಬಂದವರಲ್ಲಿ ಹಲವರ ತೊಡಕು ಅಲ್ಲಿಯೇ ಇತ್ತು.

ಇಮ್ತಿಯಾಜ್, ಬೆಂಗಳೂರು

ಐದನೆಯ ಬುಲೆಟ್‌ಗೆ ಎರಡು ಸಂಗತಿ ಸಾಕು. ತಣ್ಣೀರಿಗೆ ಉಪ್ಪು ಹಾಕಿ ಬಿಟ್ಟರೆ ಅದು ಕರಗದೆ ತಳದಲ್ಲಿ ಕೂತು ಸಣ್ಣ ಚುಕ್ಕೆಯಂಥ ಗುಳಿಗಳನ್ನು ಮಾಡುತ್ತದೆ, ಆದ್ದರಿಂದ ನೀರು ಕುದಿದ ಮೇಲೆ ಉಪ್ಪು ಹಾಕಿ ಕಲಕಬೇಕು. ಖಾಲಿ ಪಾತ್ರೆಯನ್ನು ಹೆಚ್ಚು ಉರಿಯಲ್ಲಿಟ್ಟರೆ ನೀಲಿ, ಹಳದಿ ಬಣ್ಣ ತಿರುಗುತ್ತದೆ, ಅದು ತುಕ್ಕಲ್ಲ, ನಿಂಬೆರಸ ಅಥವಾ ವಿನೆಗರ್ ಹಾಕಿ ಉಜ್ಜಿದರೆ ಹೋಗುತ್ತದೆ. ಈ ಎರಡನ್ನೂ ಕಂಡು ಸ್ಟೀಲ್ ಕಳಪೆ ಎಂದು ವಾಪಸ್ ಕಳಿಸುವವರಿದ್ದಾರೆ.

ಇನ್ನೊಂದು ಮಾತು. ಐಎಸ್‌ಐ ಎಂಬುದನ್ನು ಹುಡುಕಾಟದ ಪದವೆಂದು ಭಾವಿಸಿ ಶೀರ್ಷಿಕೆಗೆ ಸೇರಿಸಬೇಡಿ. ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆಗಳ ಮಾನಕ IS 14756:2022. ಇಂಥ ಪಾತ್ರೆಗಳಿಗೆ ಗುರುತು ಕಡ್ಡಾಯಗೊಳಿಸುವ ಆದೇಶವನ್ನು ಕೇಂದ್ರ ಸರ್ಕಾರ 2024ರ ಮಾರ್ಚ್ 14ರಂದು ಹೊರಡಿಸಿತು. ಪರವಾನಗಿ ಸಿಗುವುದು ತಯಾರಕರಿಗೆ. ಗುರುತಿನ ಜೊತೆಗೆ CM/L ಎಂದು ಶುರುವಾಗುವ ಸಂಖ್ಯೆ ಇರುತ್ತದೆ, ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿದರೆ ಯಾರ ಪರವಾನಗಿ, ಜಾರಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಬಿಲ್‌ನಲ್ಲಿ ದರ್ಜೆಯನ್ನೇ ಬರೆಯದ ಸಗಟು ವ್ಯಾಪಾರಿಯನ್ನು ರಾಘವೇಂದ್ರ ಅವರು ಮೊದಲು ಕೇಳಬೇಕಾದದ್ದು ಈ ಸಂಖ್ಯೆಯನ್ನು.

ಪ್ರಕಾಶ್, ಮಂಗಳೂರು

ಇಷ್ಟೆಲ್ಲ ಇಂಗ್ಲಿಷ್ ಏಕೆ ಎಂದು ನನಗೆ ಅರ್ಥವಾಗುತ್ತಿಲ್ಲ. ರಾಘವೇಂದ್ರ ಅವರು ಕನ್ನಡದಲ್ಲಿ ಲಿಸ್ಟಿಂಗ್ ಮಾಡಲು ಕೇಳುತ್ತಿದ್ದಾರೆ ಎಂದುಕೊಂಡು ಓದಲು ಬಂದೆ. ಅಮೆಜಾನ್‌ನಲ್ಲಿ 2020ರಿಂದಲೇ ಕನ್ನಡವಿದೆ. ನಮ್ಮ ತಾಯಿಯವರು ಕನ್ನಡದಲ್ಲಿಯೇ ಅದನ್ನು ಬಳಸುತ್ತಾರೆ. ತಪ್ಪಲೆ, ಪಾತ್ರೆ, ಡಬರಿ ಎಂದು ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲಿಯೇ ಬರೆಯಬಾರದೇಕೆ?

ವಸುಧಾ, ಪುಣೆ

ಪ್ರಕಾಶ್ ಅವರೇ, ಪ್ರಶ್ನೆ ಅದಾಗಿರಲಿಲ್ಲ, ಆದರೂ ನೀವು ಎತ್ತಿದ್ದು ಒಳ್ಳೆಯದೇ ಆಯಿತು. ಶೀರ್ಷಿಕೆಯನ್ನು ನಾವು ಇಂಗ್ಲಿಷಿನಲ್ಲಿ ಕೊಡುತ್ತೇವೆ, ಕನ್ನಡದಲ್ಲಿ ನೋಡುವವರಿಗೆ ಅಮೆಜಾನ್‌ನ ವ್ಯವಸ್ಥೆಯೇ ಅದನ್ನು ಕನ್ನಡಕ್ಕೆ ತಂದು ತೋರಿಸುತ್ತದೆ. ಆದ್ದರಿಂದ ನಿಮ್ಮ ತಾಯಿಯವರಂಥ ಗ್ರಾಹಕರಿಗಾಗಿಯೇ ಶೀರ್ಷಿಕೆ ಸ್ಪಷ್ಟವಾಗಿರಬೇಕು. ಅಲ್ಪವಿರಾಮವೂ ಇಲ್ಲದೆ ಹೆಸರುಗಳನ್ನು ಸಾಲಾಗಿ ಪೋಣಿಸಿದ ಶೀರ್ಷಿಕೆ ಕನ್ನಡಕ್ಕೆ ಬಂದಾಗ ಏನು ಮಾರಾಟಕ್ಕಿದೆ ಎಂಬುದೇ ತಿಳಿಯುವುದಿಲ್ಲ. ಬಿಡಿಬಿಡಿಯಾಗಿ ಬರೆದ ಶೀರ್ಷಿಕೆಯಲ್ಲಿ ಸಂಖ್ಯೆ, ಮುಚ್ಚಳ, ಅಳತೆ ಇವಾದರೂ ನೆಟ್ಟಗೆ ಬರುತ್ತವೆ.

ಕನ್ನಡ ಲಿಪಿಯ ಪದಗಳನ್ನು ಕಾಣದ ಅಂಕಣದಲ್ಲಿ ಹಾಕಿ ನೋಡಬಹುದು, ಆದರೆ ಅಲ್ಲಿ ಲೆಕ್ಕ ಅಕ್ಷರದ್ದಲ್ಲ, ಬೈಟಿನದು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಮೂಲಾಕ್ಷರ, ಸ್ವರಚಿಹ್ನೆ, ಒತ್ತಿನ ಹಲಂತ ಪ್ರತಿಯೊಂದಕ್ಕೂ ಮೂರು ಮೂರು ಬೈಟ್ ಬೇಕು. ಪಾತ್ರೆ ಎಂಬ ಪದ ಕಣ್ಣಿಗೆ ಎರಡೇ ಅಕ್ಷರವಾಗಿ ಕಂಡರೂ ಒಳಗೆ ಆರು ಭಾಗಗಳಾಗಿ 18 ಬೈಟ್ ತಿನ್ನುತ್ತದೆ. ತಪ್ಪಲೆಗೂ 18, ಡಬರಿಗೆ 12. ಮೂರನ್ನೂ ಖಾಲಿ ಜಾಗಗಳೊಂದಿಗೆ ಸೇರಿಸಿದರೆ 51 ಬೈಟ್ ಆಗುತ್ತದೆ, ಮೇಲಿನ 123ಕ್ಕೆ ಕೂಡಿಸಿದರೆ 174. ಮಿತಿಯೊಳಗೇ ಇರುವುದರಿಂದ ಸೇರಿಸಲು ಅಡ್ಡಿಯಿಲ್ಲ. ಅದರಿಂದ ಎಷ್ಟು ಜನ ಬರುತ್ತಾರೆ ಎಂಬುದನ್ನು ಹಾಕಿ ನೋಡಿಯೇ ತಿಳಿಯಬೇಕು.

ಜಗದೀಶ್, ಬಳ್ಳಾರಿ

ನಮ್ಮ ಕಡೆ ತೆಲುಗು ಮಾತಾಡುವ ಮನೆಗಳಲ್ಲಿ ಇಂಥ ಪಾತ್ರೆಗೆ ಗಿನ್ನೆ ಎನ್ನುತ್ತಾರೆ, ಹೈದರಾಬಾದಿನವರೂ ಹಾಗೆಯೇ ಹುಡುಕಿಯಾರು. ಜಾಗ ಉಳಿದಿರುವುದರಿಂದ `ginne` ಮತ್ತು `dabara` ಎರಡನ್ನೂ ಸೇರಿಸಿದರೆ ಒಳ್ಳೆಯದು.

ವಸುಧಾ, ಪುಣೆ

ಗಿನ್ನೆ ಖಂಡಿತ ಸೇರಲಿ, 180 ಬೈಟ್ ಆಗುತ್ತದೆ. ಡಬರಾ ಬೇಡ. ಹಾಗೆ ಹುಡುಕುವವರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಫಿಲ್ಟರ್ ಕಾಫಿಯ ಲೋಟ ಮತ್ತು ಬಟ್ಟಲಿನ ಜೋಡಿ. ಅವರಿಗೆ ಟೋಪ್ ತೋರಿಸಿ ಪ್ರಯೋಜನವಿಲ್ಲ, ಜಾಹೀರಾತು ಓಡಿಸುತ್ತಿದ್ದರಂತೂ ಅವರು ಒತ್ತಿದ ಪ್ರತಿ ಕ್ಲಿಕ್‌ಗೂ ಹಣ ಹೋಗುತ್ತದೆ. ಇಂಥ ಪದಗಳನ್ನು ಊಹೆಯಿಂದ ಆರಿಸುವ ಬದಲು, ಚಿಕ್ಕ ಮೊತ್ತದ ಆಟೋಮ್ಯಾಟಿಕ್ ಜಾಹೀರಾತು ನಡೆಸಿ ಅದರ ಸರ್ಚ್ ಟರ್ಮ್ ವರದಿಯನ್ನು ಇಳಿಸಿಕೊಳ್ಳಿ. ಗ್ರಾಹಕರು ನಿಜವಾಗಿ ಏನು ಟೈಪ್ ಮಾಡಿದರು, ಯಾವುದಕ್ಕೆ ಕ್ಲಿಕ್ ಮಾತ್ರ ಬಂತು, ಯಾವುದಕ್ಕೆ ಮಾರಾಟವಾಯಿತು ಎಂಬುದು ಅದರಲ್ಲಿರುತ್ತದೆ. ಬ್ರ್ಯಾಂಡ್ ನೋಂದಣಿ ಇರುವವರಿಗೆ ಇದಕ್ಕಿಂತ ವಿಸ್ತಾರವಾದ ವರದಿಗಳು ಸಿಗುತ್ತವೆ, ಇಲ್ಲದವರಿಗೆ ಇದೇ ಆಧಾರ.

ಶೈಲಜಾ, ಹುಬ್ಬಳ್ಳಿ

ಇದೇ ಶೀರ್ಷಿಕೆಯನ್ನು ಫ್ಲಿಪ್‌ಕಾರ್ಟ್‌ಗೂ ಹಾಕಬಹುದೇ ಎಂದು ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕ್ಯಾರಿಯರ್ ವಿಭಾಗದಲ್ಲಿ ಅಲ್ಲಿ ನಾವು ತುಂಬಿದ ಬ್ರ್ಯಾಂಡ್, ವಸ್ತು, ಅಳತೆ ಮೊದಲಾದ ವಿವರಗಳನ್ನು ಜೋಡಿಸಿ ಶೀರ್ಷಿಕೆ ತಾನೇ ತಯಾರಾಗುತ್ತದೆ. ಹಾಗಾಗಿ ಅಲ್ಲಿ ಶೀರ್ಷಿಕೆ ಸರಿಯಾಗಬೇಕೆಂದರೆ ಆ ವಿವರಗಳನ್ನೇ ಸರಿಯಾಗಿ ತುಂಬಬೇಕು.

ರಾಘವೇಂದ್ರ, ತುಮಕೂರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಒಳಗಿನ ಇಂಡಕ್ಷನ್ ಅಂಕಣದಲ್ಲಿ ಹೌದು ಎಂದೇ ತುಂಬಿತ್ತು, ಅದನ್ನು ಈಗಲೇ ಬದಲಿಸಿದೆ. ಸಗಟು ವ್ಯಾಪಾರಿಗೆ ದರ್ಜೆಯ ಪರೀಕ್ಷಾ ಪತ್ರವನ್ನೂ ಪರವಾನಗಿ ಸಂಖ್ಯೆಯನ್ನೂ ಕೇಳಿದ್ದೇನೆ, ಉತ್ತರ ಬರಬೇಕಿದೆ. ಶೀರ್ಷಿಕೆ, ಬುಲೆಟ್, ಸರ್ಚ್ ಟರ್ಮ್ಸ್ ಮೂರನ್ನೂ ಒಟ್ಟಿಗೆ ಬದಲಿಸಬೇಕೇ, ಒಂದಾದ ಮೇಲೆ ಒಂದನ್ನೇ?

ವಸುಧಾ, ಪುಣೆ

ಇಂಡಕ್ಷನ್ ಮತ್ತು ಅಳತೆಯ ವಿಷಯದಲ್ಲಿ ಈಗಿರುವುದು ಗ್ರಾಹಕರಿಗೆ ತಪ್ಪು ಮಾಹಿತಿ ಕೊಡುತ್ತಿರುವುದರಿಂದ, ಅವಕ್ಕೆ ಸಂಬಂಧಿಸಿದ ಶೀರ್ಷಿಕೆ ಮತ್ತು ಬುಲೆಟ್‌ಗಳನ್ನು ತಡ ಮಾಡದೆ ಒಟ್ಟಿಗೇ ಬದಲಿಸಿ. ಪರ್ಯಾಯ ಹೆಸರುಗಳನ್ನೂ ಅದೇ ದಿನ ಕಾಣದ ಅಂಕಣಕ್ಕೆ ಹಾಕಿ, ಇಲ್ಲದಿದ್ದರೆ ನಡುವಿನ ದಿನಗಳಲ್ಲಿ ಭಗೋನಾ ಎಂಬುದು ಎಲ್ಲಿಯೂ ಇಲ್ಲದಂತಾಗುತ್ತದೆ. ಆಮೇಲೆ ಕೆಲವು ವಾರ ಬೆಲೆಯನ್ನೂ ಜಾಹೀರಾತಿನ ಮೊತ್ತವನ್ನೂ ಮುಟ್ಟಬೇಡಿ, ಅವೂ ಬದಲಾದರೆ ಏರಿಳಿತ ಯಾವುದರಿಂದ ಆಯಿತು ಎಂಬುದು ಗೊತ್ತಾಗುವುದಿಲ್ಲ. ಬದಲಾವಣೆಯ ನಂತರ ಮೊದಲು ಸರ್ಚ್ ಪೆಟ್ಟಿಗೆಯಲ್ಲಿ ನಿಮ್ಮ ಬ್ರ್ಯಾಂಡ್ ಹೆಸರಿನ ಜೊತೆಗೆ `bhagona` ಎಂದು ಟೈಪ್ ಮಾಡಿ ನೋಡಿ. ಸೆಟ್ ಕಾಣಿಸಿದರೆ ಆ ಪದ ಲೆಕ್ಕಕ್ಕೆ ಬಂದಿದೆ ಎಂದು ಸಾಮಾನ್ಯವಾಗಿ ತಿಳಿಯಬಹುದು.

ಜಗದೀಶ್, ಬಳ್ಳಾರಿ

ಕಾಣಿಸುವುದು ಬೇರೆ, ಮೊದಲ ಪುಟದಲ್ಲಿ ಕಾಣಿಸುವುದು ಬೇರೆ. ಕಾಣದ ಅಂಕಣದ ಪದಕ್ಕೆ ಶೀರ್ಷಿಕೆಯ ಪದದಷ್ಟೇ ಬಲ ಇದೆ ಎಂದು ನಾನಿನ್ನೂ ಒಪ್ಪಿಲ್ಲ. ಭಗೋನಾ ಎಂಬುದಕ್ಕೆ ಈವರೆಗೆ ಬರುತ್ತಿದ್ದ ಆರ್ಡರ್‌ಗಳು ಉಳಿದವೋ ಇಲ್ಲವೋ ಎಂಬುದನ್ನು ರಾಘವೇಂದ್ರ ಅವರು ಜಾಹೀರಾತಿನ ವರದಿ ನೋಡಿ ಇಲ್ಲಿ ತಿಳಿಸಬೇಕು. ಬಹಳವಾಗಿ ಇಳಿದರೆ ಪತೀಲಾ ಬದಲು ಭಗೋನಾವನ್ನು ಶೀರ್ಷಿಕೆಗೆ ತಂದು ನೋಡಬಹುದು.

ವಸುಧಾ, ಪುಣೆ

ಅದಕ್ಕೆ ನನ್ನ ಅಭ್ಯಂತರವಿಲ್ಲ. ಆ ಎರಡರಲ್ಲಿ ಯಾವುದಕ್ಕೆ ಹೆಚ್ಚು ಮಾರಾಟವಾಗುತ್ತದೆಯೋ ಅದು ಶೀರ್ಷಿಕೆಯಲ್ಲಿ ಇರಲಿ, ಇನ್ನೊಂದು ಅಂಕಣಕ್ಕೆ ಹೋಗಲಿ. ಅಳತೆಯ ಮೂರು ಅಂಕಿಗಳನ್ನು ಮಾತ್ರ ಅವುಗಳ ಜಾಗದಿಂದ ಹಿಂದಕ್ಕೆ ಸರಿಸಬೇಡಿ.